ಹತ್ತನೆಯ ಘಟಕ ಮಾಡಿದ ತಪ್ಪೇನು?

ಕಳೆದ ಸಲದ ಯುಜಿಸಿ ನೆಟ್ ಪರೀಕ್ಷೆಗೆ ಸರಿಯಾಗಿ ಇಪ್ಪತ್ತು ದಿನ ಉಳಿದಿದ್ದಾಗ ನನ್ನ ಜೂನಿಯರ್ ಒಬ್ಬಳು ಹಾಸ್ಟೆಲ್ಲಿಗೆ ಬಂದಳು. ಕನ್ನಡ ಎಂ.ಎ. ಮುಗಿಸಿ ಒಂದು ಸರ್ಕಾರಿ ಪದವಿ ಕಾಲೇಜಿನಲ್ಲಿ ಅತಿಥಿ ಉಪನ್ಯಾಸಕಿಯಾಗಿದ್ದಾಳೆ. ನಮ್ಮಲ್ಲಿ ಯುಜಿಸಿ ಅರ್ಹತೆ ಇರುವ ಅತಿಥಿ ಉಪನ್ಯಾಸಕರಿಗೆ ಒಂದು ಗೌರವಧನ, ಇಲ್ಲದವರಿಗೆ ಇನ್ನೊಂದು. ಹಾಗಾಗಿ ಈ ಪರೀಕ್ಷೆ ಅವಳಿಗೆ ಪ್ರತಿಷ್ಠೆಯ ವಿಷಯವಲ್ಲ, ಮನೆ ಬಾಡಿಗೆಯ ವಿಷಯ. ಕೈಯಲ್ಲಿ ಪಠ್ಯಕ್ರಮದ ಜೆರಾಕ್ಸ್ ಪ್ರತಿ ಇತ್ತು. ಮೊದಲ ನಾಲ್ಕು ಘಟಕಗಳಿಗೆ ಹಳದಿ ಹೈಲೈಟರ್ ಹಚ್ಚಿದ್ದಳು, ಮಿಕ್ಕ ಆರು ಬೆಳ್ಳಗಿದ್ದವು.

"ದಿನಕ್ಕೆ ಮೂರು ಗಂಟೆ ಸಿಗುತ್ತೆ ಅಕ್ಕಾ. ಸರ್ ಹೇಳಿದಾರೆ, ಏನನ್ನೂ ಬಿಡಬೇಡ, ಎಲ್ಲ ಒಂದು ಸಲ ಕಣ್ಣಾಡಿಸು ಅಂತ."

ಈ 'ಏನನ್ನೂ ಬಿಡಬೇಡ' ಎಂಬ ಉಪದೇಶದ ಮೇಲೆ ನನಗಿರುವ ಸಿಟ್ಟನ್ನು ಅವತ್ತು ಅವಳ ಮುಂದೆ ಪೂರ್ತಿ ತೋಡಿಕೊಳ್ಳಲಾಗಲಿಲ್ಲ, ಸಮಯವಿರಲಿಲ್ಲ. ಇಲ್ಲಿ ತೋಡಿಕೊಳ್ಳುತ್ತೇನೆ. ಇದನ್ನು ಹೇಳುವವರು ಕೆಟ್ಟವರಲ್ಲ. ಆದರೆ ಇದು ಹೇಳುವವರಿಗೆ ಯಾವ ಅಪಾಯವೂ ಇಲ್ಲದ ಮಾತು. ವಿದ್ಯಾರ್ಥಿ ಪಾಸಾದರೆ 'ಎಲ್ಲ ಓದು ಅಂದಿದ್ದೆನಲ್ಲ' ಎನ್ನಬಹುದು, ಫೇಲಾದರೆ 'ಎಲ್ಲ ಓದಲಿಲ್ಲ' ಎನ್ನಬಹುದು. 'ಇದನ್ನು ಬಿಡು' ಎಂದು ಹೇಳಿದವನು ಮಾತ್ರ ಉತ್ತರದಾಯಿಯಾಗುತ್ತಾನೆ, ಅದಕ್ಕೇ ಯಾರೂ ಹಾಗೆ ಹೇಳುವುದಿಲ್ಲ.

ಇಪ್ಪತ್ತು ದಿನದಲ್ಲಿ ಎರಡು ಪತ್ರಿಕೆಗಳ ಪಠ್ಯಕ್ರಮ ಮುಗಿಯುವುದಿಲ್ಲ ಎಂದ ಮೇಲೆ ಬಿಡುವುದಂತೂ ನಡೆದೇ ನಡೆಯುತ್ತದೆ. ಬಿಡುವವರು ನಾವೋ ಕ್ಯಾಲೆಂಡರೋ ಎಂಬುದಷ್ಟೇ ಪ್ರಶ್ನೆ. ಕ್ಯಾಲೆಂಡರ್ ಬಿಟ್ಟರೆ ಏನಾಗುತ್ತದೆ ಎಂಬುದಕ್ಕೆ ಅವಳ ಹೈಲೈಟರೇ ಸಾಕ್ಷಿ. ಮೊದಲ ಪತ್ರಿಕೆಯಲ್ಲಿ ಹತ್ತು ಘಟಕಗಳಿವೆ: ಬೋಧನಾ ಸಾಮರ್ಥ್ಯ, ಸಂಶೋಧನಾ ಸಾಮರ್ಥ್ಯ, ಗದ್ಯಭಾಗದ ಗ್ರಹಿಕೆ, ಸಂವಹನ, ಗಣಿತ, ತರ್ಕ, ದತ್ತಾಂಶ ವಿಶ್ಲೇಷಣೆ, ಮಾಹಿತಿ ತಂತ್ರಜ್ಞಾನ, ಜನ-ಅಭಿವೃದ್ಧಿ-ಪರಿಸರ, ಉನ್ನತ ಶಿಕ್ಷಣ ವ್ಯವಸ್ಥೆ. ಎಲ್ಲರೂ ಒಂದರಿಂದ ಶುರು ಮಾಡುತ್ತಾರೆ. ಐದನೆಯ ಘಟಕದ ಗಣಿತದಲ್ಲಿ ಕಾಲು ಹೂತುಹೋಗಿ ಒಂದು ವಾರ ಕಳೆಯುತ್ತದೆ, ಏಳಕ್ಕೆ ಬರುವಷ್ಟರಲ್ಲಿ ಹಾಲ್ ಟಿಕೆಟ್ ಬಂದಿರುತ್ತದೆ. ಒಂಬತ್ತು ಮತ್ತು ಹತ್ತು, ಅಂದರೆ ನಮ್ಮಂಥ ಸಾಹಿತ್ಯದ ವಿದ್ಯಾರ್ಥಿಗಳಿಗೆ ಅತಿ ಸುಲಭವಾಗಿ ದಕ್ಕುವ ಎರಡು ಘಟಕಗಳು, ಓದದೇ ಉಳಿದುಬಿಡುತ್ತವೆ. ಯಾವ ಕಾರಣಕ್ಕೆ? ಪಟ್ಟಿಯಲ್ಲಿ ಕೊನೆಗೆ ಇದ್ದದ್ದಕ್ಕೆ. ಹತ್ತನೆಯ ಘಟಕ ಮಾಡಿದ ತಪ್ಪು ಇಷ್ಟೇ.

ಇನ್ನು ಎದುರು ಪಾಳೆಯದವರು. 'ವೇಟೇಜ್ ಕಡಿಮೆ ಇರುವುದನ್ನು ಬಿಡಿ' ಎಂದು ಯೂಟ್ಯೂಬಿನಲ್ಲಿ ಹೇಳಿಕೊಡುವ ಕೋಚಿಂಗ್ ಮೇಷ್ಟ್ರುಗಳು. ಅವರು ಅರ್ಧ ಸತ್ಯ ಹೇಳುತ್ತಾರೆ. ಮೊದಲ ಪತ್ರಿಕೆಯಲ್ಲಿ 50 ಪ್ರಶ್ನೆ, 100 ಅಂಕ. ಪಠ್ಯಕ್ರಮವೇ ಹೇಳುವಂತೆ ಪ್ರತಿ ಘಟಕದಿಂದ ಐದೈದು ಪ್ರಶ್ನೆ. ಅಂದರೆ ಘಟಕಗಳ ನಡುವೆ ವೇಟೇಜಿನ ವ್ಯತ್ಯಾಸವೇ ಇಲ್ಲ! ಯಾವುದನ್ನು ನೋಡಿ ಬಿಡುವುದು? ವ್ಯತ್ಯಾಸ ಇರುವುದು ಘಟಕದ ಒಳಗಿನ ಉಪವಿಷಯಗಳಲ್ಲಿ. ಅಲ್ಲಿಯೂ ಎಷ್ಟು ಪ್ರಶ್ನೆ ಬರುತ್ತದೆ ಎಂಬುದು ಅರ್ಧ ಲೆಕ್ಕ. ಆ ಪ್ರಶ್ನೆ ನನ್ನದಾಗಲು ನನಗೆ ಎಷ್ಟು ಗಂಟೆ ಬೇಕು ಎಂಬುದು ಉಳಿದರ್ಧ. ಈ ಎರಡನೆಯ ಅರ್ಧವನ್ನು ಯಾವ ಮೇಷ್ಟ್ರೂ ಹೇಳಲಾರರು, ಏಕೆಂದರೆ ಅದು ಓದುವವರ ತಲೆಯಲ್ಲಿದೆ.

ಅದನ್ನು ಹೊರಗೆ ತೆಗೆಯುವ ಕೆಲಸ ಒಂದು ಸಂಜೆಯದು. ಅವಳನ್ನು ಕೂರಿಸಿ ಹಳೆಯ ಪ್ರಶ್ನೆಪತ್ರಿಕೆಯೊಂದನ್ನು ಕೊಟ್ಟೆ. ಓದದೆ, ತಯಾರಿಯಿಲ್ಲದೆ, ಗಡಿಯಾರ ಇಟ್ಟುಕೊಂಡು ಒಂದು ಗಂಟೆಯಲ್ಲಿ 50 ಪ್ರಶ್ನೆ. ಒಂದೇ ಷರತ್ತು: ಊಹೆಯಿಂದ ಗುರುತು ಹಾಕಿದ ಪ್ರತಿ ಉತ್ತರದ ಪಕ್ಕ ಒಂದು ಚುಕ್ಕಿ ಇಡಬೇಕು. ಈ ಚುಕ್ಕಿ ಇಲ್ಲದಿದ್ದರೆ ಇಡೀ ಲೆಕ್ಕ ಸುಳ್ಳು. ಕೀ ಉತ್ತರ ಹಿಡಿದು ನೋಡಿದಾಗ 24 ಸರಿ ಇದ್ದವು. ಅವಳಿಗೆ ಖುಷಿಯೂ ಆಯಿತು. ಆದರೆ ಅದರಲ್ಲಿ ಆರಕ್ಕೆ ಚುಕ್ಕಿ ಇತ್ತು. ನಿಜವಾಗಿ ಗೊತ್ತಿದ್ದದ್ದು 18. ಬೋಧನೆ, ಸಂಶೋಧನೆ, ಸಂವಹನದಲ್ಲಿ ಮೂರು ಮೂರು, ಗದ್ಯಭಾಗದಲ್ಲಿ ನಾಲ್ಕು, ಗಣಿತದಲ್ಲಿ ಸೊನ್ನೆ, ಉಳಿದ ಐದು ಘಟಕಗಳಲ್ಲಿ ಒಂದೊಂದು.

ಈಗ ಲೆಕ್ಕದ ಮುಖ್ಯ ಜಾಗಕ್ಕೆ ಬರೋಣ. ನೆಟ್‌ನಲ್ಲಿ ತಪ್ಪು ಉತ್ತರಕ್ಕೆ ಅಂಕ ಕಳೆಯುವುದಿಲ್ಲ. ನಾಲ್ಕು ಆಯ್ಕೆಗಳಿರುವುದರಿಂದ ಕಣ್ಣು ಮುಚ್ಚಿ ಒತ್ತಿದರೂ ಸರಾಸರಿ ನಾಲ್ಕಕ್ಕೆ ಒಂದು ಸರಿಯಾಗುತ್ತದೆ. ಆದ್ದರಿಂದ ಒಂದು ಘಟಕವನ್ನು ಪೂರ್ತಿ ಬಿಟ್ಟರೆ ಹತ್ತಕ್ಕೆ ಹತ್ತೂ ಹೋಗುವುದಿಲ್ಲ, ಸರಾಸರಿ ಎರಡೂವರೆ ಅಂಕ ಹೇಗೂ ಬರುತ್ತದೆ. ಇದರ ಇನ್ನೊಂದು ಮಗ್ಗುಲೂ ಇದೆ. ಹೊಸದಾಗಿ ಕಲಿತ ಪ್ರತಿ ಪ್ರಶ್ನೆಯ ನಿಜವಾದ ಬೆಲೆ ಎರಡು ಅಂಕವಲ್ಲ, ಒಂದೂವರೆ, ಯಾಕೆಂದರೆ ಉಳಿದ ಅರ್ಧ ಅಂಕ ಕಲಿಯದಿದ್ದರೂ ಸರಾಸರಿಯಲ್ಲಿ ಸಿಗುತ್ತಿತ್ತು. ಹಾಗಾಗಿ ಕೇಳಬೇಕಾದ ಪ್ರಶ್ನೆ ಇದು: ಈ ವಿಷಯಕ್ಕೆ ಇಷ್ಟು ಗಂಟೆ ಕೊಟ್ಟರೆ ಗೊತ್ತಿರುವ ಪ್ರಶ್ನೆಗಳು ಎಷ್ಟು ಹೆಚ್ಚುತ್ತವೆ? ಅದನ್ನು ಒಂದೂವರೆಯಿಂದ ಗುಣಿಸಿ ಗಂಟೆಯಿಂದ ಭಾಗಿಸಿದರೆ ಗಂಟೆಗೆಷ್ಟು ಅಂಕ ಎಂಬುದು ಬರುತ್ತದೆ.

ಗಣಿತ ತೆಗೆದುಕೊಳ್ಳಿ. ಕಾಲ-ದೂರ, ಲಾಭ-ನಷ್ಟ, ಬಡ್ಡಿ, ರಿಯಾಯಿತಿ, ಸಂಖ್ಯಾ ಸರಣಿ. ಎಸ್ಸೆಸ್ಸೆಲ್ಸಿ ನಂತರ ಗಣಿತ ಮುಟ್ಟದ ಅವಳಿಗೆ ಹತ್ತು ಗಂಟೆ ಕೊಟ್ಟರೂ ಧೈರ್ಯವಾಗಿ ಎರಡು ಪ್ರಶ್ನೆ ಬಂದರೆ ಹೆಚ್ಚು. ಮೂರು ಅಂಕಕ್ಕೆ ಹತ್ತು ಗಂಟೆ. ಉನ್ನತ ಶಿಕ್ಷಣ ವ್ಯವಸ್ಥೆ ನೋಡಿ. ತಕ್ಷಶಿಲೆ, ನಾಲಂದಾ, ವಿಕ್ರಮಶಿಲೆ. 1948ರ ರಾಧಾಕೃಷ್ಣನ್ ಆಯೋಗ, 1964ರ ಕೊಠಾರಿ ಆಯೋಗ, 1968, 1986 ಮತ್ತು 2020ರ ಶಿಕ್ಷಣ ನೀತಿಗಳು, 1956ರಲ್ಲಿ ಶಾಸನಬದ್ಧವಾದ ಯುಜಿಸಿ, 1994ರ ನ್ಯಾಕ್. ಕವಿ-ಕಾವ್ಯ-ಕಾಲವನ್ನು ಐದು ವರ್ಷ ಬಾಯಿಪಾಠ ಮಾಡಿದವರಿಗೆ ಇದು ಮೂರು ಗಂಟೆಯ ಕೆಲಸ. ಒಂದು ಗೊತ್ತಿದ್ದದ್ದು ಮೂರಾಗುತ್ತದೆ, ಅಂದರೆ ಮೂರು ಅಂಕಕ್ಕೆ ಮೂರು ಗಂಟೆ. ಎರಡೂ ಘಟಕಗಳ ವೇಟೇಜ್ ಒಂದೇ, ಆದರೆ ಬೆಲೆಯಲ್ಲಿ ಮೂರು ಪಟ್ಟಿಗೂ ಹೆಚ್ಚು ಅಂತರ. ಬಿ.ಎಸ್ಸಿ. ಮಾಡಿದವನಿಗೆ ಇದೇ ಲೆಕ್ಕ ತಲೆಕೆಳಗಾಗಬಹುದು. ಅದಕ್ಕೇ ಇನ್ನೊಬ್ಬರು ಬಿಟ್ಟ ಪಟ್ಟಿಯನ್ನು ನಕಲು ಮಾಡುವುದು ಅವರ ಕನ್ನಡಕ ಹಾಕಿಕೊಂಡ ಹಾಗೆ.

"ಹಾಗಾದರೆ ಗಣಿತ ಪೂರ್ತಿ ಬಿಟ್ಟೆ" ಎಂದು ಅವಳು ನಿಟ್ಟುಸಿರಿಟ್ಟಳು. ಆರ್ಟ್ಸಿನವರು ಹೆಚ್ಚಾಗಿ ಎಡವುವುದು ಇಲ್ಲಿಯೇ. ಗಣಿತವನ್ನು ಇಡಿಯಾಗಿ ಬಿಟ್ಟರೆ ಜೊತೆಗೆ ಏಳನೆಯ ಘಟಕವೂ ಹೋಗುತ್ತದೆ. ದತ್ತಾಂಶ ವಿಶ್ಲೇಷಣೆಯಲ್ಲಿ ಒಂದು ಕೋಷ್ಟಕ ಕೊಟ್ಟು ಐದು ಪ್ರಶ್ನೆ ಕೇಳುತ್ತಾರೆ, ಅವುಗಳಲ್ಲಿ ಬೇಕಾಗುವುದು ಶೇಕಡಾವಾರು, ಅನುಪಾತ ಮತ್ತು ಸರಾಸರಿ. ಈ ಮೂರೂ ಪಠ್ಯಕ್ರಮದಲ್ಲಿ ಗಣಿತದ ಘಟಕದೊಳಗೆ ಕೂತಿವೆ. ಐದನೆಯ ಘಟಕದಲ್ಲಿ ಅವುಗಳಿಂದ ಒಂದು ಪ್ರಶ್ನೆಯೂ ಬಾರದೆ ಹೋಗಬಹುದು, ಆದರೆ ಏಳನೆಯದರ ಐದು ಪ್ರಶ್ನೆಗಳು ಅವುಗಳ ಹೆಗಲ ಮೇಲೆ ನಿಂತಿವೆ. ಬಿಡುವ ಮೊದಲು 'ಇದನ್ನು ಬೇರೆ ಯಾವುದು ಆತುಕೊಂಡಿದೆ' ಎಂದು ನೋಡದವರು ಕಂಬ ಕಡಿದು ಸೂರು ಉಳಿಸಿಕೊಳ್ಳಲು ಹೊರಟವರು. ಮೂರು ಗಂಟೆ ಶೇಕಡಾವಾರು, ಅನುಪಾತ, ಸರಾಸರಿಗೆ ಇಟ್ಟೆವು. ಮಿಕ್ಕ ಗಣಿತವನ್ನು ಅಡ್ಡಗೆರೆ ಎಳೆದು ಬಿಟ್ಟೆವು.

ತರ್ಕದ ಘಟಕದಲ್ಲೂ ಹೀಗೆಯೇ ಕತ್ತರಿಸಬೇಕಾಯಿತು. ಪಾಶ್ಚಾತ್ಯ ತರ್ಕದ ಮೂಡ್ ಮತ್ತು ಫಿಗರ್ ಅವಳಿಗೆ ಕಬ್ಬಿಣದ ಕಡಲೆ, ಅದು ಹೋಯಿತು. ಪ್ರತ್ಯಕ್ಷ, ಅನುಮಾನ, ಉಪಮಾನ, ಶಬ್ದ, ಅರ್ಥಾಪತ್ತಿ, ಅನುಪಲಬ್ಧಿ ಎಂಬ ಆರು ಪ್ರಮಾಣಗಳು, ವ್ಯಾಪ್ತಿ, ಹೇತ್ವಾಭಾಸಗಳು ಉಳಿದವು. ಕಾವ್ಯಮೀಮಾಂಸೆ ಓದಿದ ಹುಡುಗಿಗೆ ಈ ಪರಿಭಾಷೆ ಅಪರಿಚಿತವಲ್ಲ. ಇಂಗ್ಲಿಷ್ ನೋಟ್ಸಿನಲ್ಲಿ ಓದಿ ಹೆದರಿದ್ದಳು ಅಷ್ಟೆ. ಪರಿಸರದಲ್ಲಿ ಮಾಂಟ್ರಿಯಲ್ 1987, ರಿಯೊ 1992, ಕ್ಯೋಟೊ 1997, ಪ್ಯಾರಿಸ್ 2015 ಮತ್ತು ಅವು ಯಾವುದರ ಬಗ್ಗೆ ಎಂಬುದು ಉಳಿಯಿತು. ವರ್ಷವರ್ಷವೂ ಬದಲಾಗುವ ಇಂಧನ ಉತ್ಪಾದನೆಯ ಅಂಕಿಅಂಶ ಹೋಯಿತು. ಮಾಹಿತಿ ತಂತ್ರಜ್ಞಾನದಲ್ಲಿ ಮುಗಿಯದ ಸಂಕ್ಷೇಪಾಕ್ಷರಗಳ ಪಟ್ಟಿಯನ್ನು ಬಿಟ್ಟು, ಸ್ವಯಂ, ಶೋಧಗಂಗಾದಂಥ ಅವಳು ಹೇಗೂ ಬಳಸುವ ವೇದಿಕೆಗಳನ್ನು ಇಟ್ಟುಕೊಂಡೆವು.

ಒಟ್ಟು 60 ಗಂಟೆ. ಎರಡು ಪೂರ್ಣ ಅಣಕು ಪರೀಕ್ಷೆ ಮತ್ತು ಅವುಗಳ ತಪ್ಪು ತಿದ್ದಲು 12 ಗಂಟೆ ಮೊದಲೇ ತೆಗೆದಿಟ್ಟೆವು. ಉಳಿದ 48ರಲ್ಲಿ 32 ಗಂಟೆ ಕನ್ನಡದ ಪತ್ರಿಕೆಗೆ, ಅದಕ್ಕೆ 200 ಅಂಕ ಇರುವುದರಿಂದ. ಮೊದಲ ಪತ್ರಿಕೆಗೆ 16 ಗಂಟೆ. ಶೇಕಡಾವಾರು, ತರ್ಕ, ಉನ್ನತ ಶಿಕ್ಷಣಕ್ಕೆ ಮೂರು ಮೂರು. ಪರಿಸರ, ಮಾಹಿತಿ ತಂತ್ರಜ್ಞಾನ, ಸಂಶೋಧನೆಗೆ ಎರಡೆರಡು. ಬೋಧನೆಗೆ ಒಂದು. ಗದ್ಯಭಾಗಕ್ಕೂ ಸಂವಹನಕ್ಕೂ ಸೊನ್ನೆ. ಅಲ್ಲಿ ಅವಳಿಗೆ ಬರುತ್ತಿತ್ತು, ಇನ್ನೂ ಒಂದು ಪ್ರಶ್ನೆ ಹೆಚ್ಚಿಸಲು ಹೋಗುವ ಗಂಟೆಗಳು ದುಬಾರಿ. ಬಿಡುವುದೆಂದರೆ ಬಾರದ್ದನ್ನು ಮಾತ್ರ ಬಿಡುವುದು ಎಂಬ ತಪ್ಪು ಕಲ್ಪನೆ ಇದೆ. ಚೆನ್ನಾಗಿ ಬರುವುದನ್ನು ಮತ್ತೆ ಮತ್ತೆ ಓದುವ ಸುಖವನ್ನೂ ಬಿಡಬೇಕು, ಅದು ಇನ್ನೂ ಕಷ್ಟ.

ಕನ್ನಡದ ಪತ್ರಿಕೆಯ ಮಾತು ಬಂದಾಗ ನಮ್ಮವರ ದನಿ ಏರುತ್ತದೆ. ಗಣಿತ ಬಿಟ್ಟರೆ ಯಾರೂ ಬೇಸರಪಡುವುದಿಲ್ಲ, 'ಶಬ್ದಮಣಿದರ್ಪಣ' ಬಿಟ್ಟೆ ಎಂದರೆ ವಿಭಾಗವೇ ಎದ್ದು ನಿಲ್ಲುತ್ತದೆ. ನಾನು ಹೇಳಿದ್ದು ಅದನ್ನೇ. ಹಳೆಯ ಮೂರು ಪತ್ರಿಕೆಗಳನ್ನು ತೆಗೆದು, ಪ್ರತಿ ಪ್ರಶ್ನೆ ಪಠ್ಯಕ್ರಮದ ಯಾವ ಸಾಲಿಗೆ ಸೇರುತ್ತದೆ ಎಂದು ಪೆನ್ಸಿಲ್ಲಿನಲ್ಲಿ ಗೆರೆ ಹಾಕುತ್ತ ಹೋದೆವು. ವ್ಯಾಕರಣ ಗ್ರಂಥಗಳ ಹೊರಮೈಯನ್ನು ಕೇಳಿದ ಪ್ರಶ್ನೆಗಳೇ ಹೆಚ್ಚು ಸಿಕ್ಕವು: ಕಾಲಾನುಕ್ರಮದಲ್ಲಿ ಜೋಡಿಸಿ, ಕರ್ತೃವಿಗೆ ಕೃತಿಯನ್ನು ಹೊಂದಿಸಿ. ಒಂಬತ್ತನೆಯ ಶತಮಾನದ 'ಕವಿರಾಜಮಾರ್ಗ', ಹತ್ತನೆಯ ಶತಮಾನದ ನಾಗವರ್ಮನ 'ಛಂದೋಂಬುಧಿ', ಹನ್ನೆರಡರ ಇನ್ನೊಬ್ಬ ನಾಗವರ್ಮನ 'ಕಾವ್ಯಾವಲೋಕನ', ಹದಿಮೂರರ ಕೇಶಿರಾಜ, 1604ರ ಭಟ್ಟಾಕಳಂಕನ 'ಶಬ್ದಾನುಶಾಸನ'. ಈ ಸರಣಿ ಒಂದು ಗಂಟೆಯದು. ಕೇಶಿರಾಜನ ಸೂತ್ರಗಳ ಒಳಹೊಕ್ಕು ಸಂಧಿ-ಸಮಾಸಗಳನ್ನು ಪ್ರಯೋಗಸಮೇತ ತಿಳಿಯುವುದು ಒಂದು ಸೆಮಿಸ್ಟರಿನದು. ಇಪ್ಪತ್ತು ದಿನದಲ್ಲಿ ಹೊರಮೈ ಇಟ್ಟುಕೊಂಡು ಒಳಮೈ ಬಿಡಬೇಕು.

ಇದನ್ನು ಕೇಳಿದ ಹಿರಿಯರೊಬ್ಬರು "ಗ್ರಂಥದ ಹೆಸರು ಗೊತ್ತು, ಗ್ರಂಥ ಗೊತ್ತಿಲ್ಲ ಅನ್ನುವವರನ್ನ ಮೇಷ್ಟ್ರು ಮಾಡ್ತೀರಿ" ಎಂದರು. ಅವರ ನೋವು ನಿಜ. ಆದರೆ ದೂರು ತಪ್ಪು ವಿಳಾಸಕ್ಕೆ ಬಂದಿದೆ. ಹೆಸರು ಗೊತ್ತಿದ್ದವರಿಗೆ ಅಂಕ ಕೊಟ್ಟು, ಗ್ರಂಥ ಗೊತ್ತಿದ್ದವರಿಗೂ ಅಷ್ಟೇ ಅಂಕ ಕೊಡುವುದು ಪ್ರಶ್ನೆಪತ್ರಿಕೆ. ಆ ಕುರೂಪವನ್ನು ಅಲ್ಲಿ ಪ್ರಶ್ನಿಸಿ. ದಿನಕ್ಕೆ ಐದು ಪೀರಿಯಡ್ ಪಾಠ ಮಾಡಿ ಬಸ್ಸಿನಲ್ಲಿ ನಿಂತು ಮನೆಗೆ ಬರುವ ಹುಡುಗಿಯ 60 ಗಂಟೆಗಳಿಂದ ಅದನ್ನು ಸರಿಪಡಿಸಲು ಹೋಗಬೇಡಿ. ಪಠ್ಯಕ್ರಮ ಒಂದು ಆಡಳಿತದ ಪಟ್ಟಿ. ಅದರಲ್ಲಿ ಒಂದು ಸಾಲನ್ನು ಈ ತಿಂಗಳು ಬಿಡುವುದಕ್ಕೂ ಕೇಶಿರಾಜನನ್ನು ತಿರಸ್ಕರಿಸುವುದಕ್ಕೂ ಸಂಬಂಧ ಕಲ್ಪಿಸುವವರು, ಸಾಹಿತ್ಯಕ್ಕೆ ಇರಬೇಕಾದ ಗೌರವವನ್ನು ಪಠ್ಯಕ್ರಮದ ಪಟ್ಟಿಗೆ ಕೊಡುತ್ತಿದ್ದಾರೆ.

ಅವಳು ಒಂದು ವಿಷಯದಲ್ಲಿ ನನ್ನ ಮಾತು ಕೇಳಲಿಲ್ಲ. ಛಂದಸ್ಸಿನಲ್ಲಿ ಪ್ರಸ್ತಾರ ಹಾಕಿ ಗಣ ವಿಂಗಡಿಸುವುದನ್ನು ಬಿಡು, ಯಾವ ಕವಿ ಯಾವ ಛಂದಸ್ಸಿನಲ್ಲಿ ಬರೆದ ಎಂಬುದನ್ನಷ್ಟೇ ಇಟ್ಟುಕೋ ಎಂದಿದ್ದೆ. ಹರಿಹರನ ರಗಳೆ, ರಾಘವಾಂಕ ಮತ್ತು ಲಕ್ಷ್ಮೀಶರ ವಾರ್ಧಕ ಷಟ್ಪದಿ, ಕುಮಾರವ್ಯಾಸನ ಭಾಮಿನಿ. "ಅಕ್ಕಾ, ಪ್ರಸ್ತಾರ ನಾನು ಸೆಕೆಂಡ್ ಸೆಮ್ ಮಕ್ಕಳಿಗೆ ವಾರವಾರ ಬೋರ್ಡ್ ಮೇಲೆ ಹಾಕಿಸ್ತೀನಿ, ಅದಕ್ಕೆ ಗಂಟೆ ಯಾಕೆ ಬೇಕು?" ಎಂದಳು. ಅವಳೇ ಸರಿ. ಅವಳಿಗೆ ಅದರ ಬೆಲೆ ಸೊನ್ನೆ ಗಂಟೆ. ನಾನು ನನ್ನ ತಲೆಯ ಲೆಕ್ಕವನ್ನು ಅವಳ ಮೇಲೆ ಹೇರಿದ್ದೆ, ಕೋಚಿಂಗ್ ಮೇಷ್ಟ್ರ ಹಾಗೆಯೇ.

ಈ ಲೆಕ್ಕ ಎಲ್ಲ ಪರೀಕ್ಷೆಗೂ ಹೊಂದುವುದಿಲ್ಲ ಎಂಬುದನ್ನೂ ಹೇಳಬೇಕು. ನೆಟ್‌ನಲ್ಲಿ ಕನಿಷ್ಠ ಅಂಕವನ್ನು ಎರಡೂ ಪತ್ರಿಕೆ ಸೇರಿಸಿ ನೋಡುತ್ತಾರೆ, ಸಾಮಾನ್ಯ ವರ್ಗಕ್ಕೆ ಶೇ. 40, ಮೀಸಲು ವರ್ಗಗಳಿಗೆ ಶೇ. 35. ಆಮೇಲಿನ ಕಟ್ಆಫ್ ಕೂಡ ಒಟ್ಟು ಅಂಕದ ಮೇಲೆಯೇ. ಹಾಗಾಗಿ ಗಣಿತದಲ್ಲಿ ಸೊನ್ನೆ ಬಂದರೂ ಇನ್ನೆಲ್ಲೋ ತುಂಬಿಕೊಳ್ಳಬಹುದು. ವಿಭಾಗವಾರು ಕನಿಷ್ಠ ಅಂಕ ಕೇಳುವ ಪರೀಕ್ಷೆಯಲ್ಲಿ ಹೀಗೆ ಬಿಟ್ಟರೆ ಮುಳುಗಿದಂತೆ. ಯುಪಿಎಸ್‌ಸಿ ಪ್ರಿಲಿಮ್ಸ್‌ನಂತೆ ತಪ್ಪಿಗೆ ಮೂರನೇ ಒಂದು ಭಾಗ ಕಳೆಯುವಲ್ಲಿ ಕುರುಡು ಊಹೆಯ ಸರಾಸರಿ ಲಾಭ ಸೊನ್ನೆಯಾಗುತ್ತದೆ, ಬಿಟ್ಟ ವಿಷಯಕ್ಕೆ ಅಲ್ಲಿ ಏನೂ ಹುಟ್ಟುವುದಿಲ್ಲ.

ಬಿಟ್ಟದ್ದನ್ನು ಬಿಟ್ಟಂತೆಯೇ ಇಡುವುದು ಬಿಡುವುದಕ್ಕಿಂತ ಕಷ್ಟ. ಮೊದಲ ಅಣಕು ಪರೀಕ್ಷೆಯಲ್ಲಿ ಅವಳು ಗಣಿತದ ಐದು ಪ್ರಶ್ನೆಗಳ ಮೇಲೆ ಹದಿನಾಲ್ಕು ನಿಮಿಷ ಕಳೆದಳು. ರೈಲು ಮತ್ತು ಪ್ಲಾಟ್‌ಫಾರ್ಮಿನ ಲೆಕ್ಕ ನೋಡಲು ಸುಲಭವಾಗಿತ್ತಂತೆ. ಮೂರು ಗಂಟೆಯಲ್ಲಿ 150 ಪ್ರಶ್ನೆ, ಅಂದರೆ ಒಂದಕ್ಕೆ 72 ಸೆಕೆಂಡು. ಹದಿನಾಲ್ಕು ನಿಮಿಷವೆಂದರೆ ಹನ್ನೊಂದು ಪ್ರಶ್ನೆಗಳ ಸಮಯ. ಕೊನೆಗೆ ಕನ್ನಡದ ಒಂಬತ್ತು ಪ್ರಶ್ನೆಗಳನ್ನು ಅವಳು ಓದಲೇ ಇಲ್ಲ. ಬಿಟ್ಟ ವಿಷಯ ಪರೀಕ್ಷಾ ಕೋಣೆಯಲ್ಲಿ ಹೀಗೆ ಹಿಂಬಾಗಿಲಿನಿಂದ ಬರುತ್ತದೆ. ಅವತ್ತೇ ಬಿಟ್ಟ ವಿಷಯಗಳನ್ನು ಒಂದು ಹಾಳೆಯ ಮೇಲೆ ದಿನಾಂಕ ಹಾಕಿ ಬರೆಸಿದೆ. ಆ ಪ್ರಶ್ನೆ ಕಂಡರೆ ಓದದೆ ಒಂದೇ ಆಯ್ಕೆ ಒತ್ತಿ ಮುಂದೆ ಹೋಗಬೇಕು. ಯಾವ ಆಯ್ಕೆ ಒತ್ತಿದರೂ ಸರಾಸರಿ ಒಂದೇ, ಅದಕ್ಕೆ ಯೋಚನೆ ಬೇಡ.

ಎರಡನೆಯ ಅಣಕು ಪರೀಕ್ಷೆಯಲ್ಲಿ ಚುಕ್ಕಿಯಿಲ್ಲದ ಸರಿ ಉತ್ತರಗಳು 18ರಿಂದ 28ಕ್ಕೆ ಏರಿದ್ದವು. ಉನ್ನತ ಶಿಕ್ಷಣ, ಪರಿಸರ, ತರ್ಕ, ದತ್ತಾಂಶ ಈ ನಾಲ್ಕರಲ್ಲೂ ಒಂದಿದ್ದದ್ದು ಮೂರಾಗಿತ್ತು, ಮಾಹಿತಿ ತಂತ್ರಜ್ಞಾನ ಮತ್ತು ಸಂಶೋಧನೆಯಲ್ಲಿ ಒಂದೊಂದು ಸೇರಿತ್ತು. ಬೋಧನೆಗೆ ಕೊಟ್ಟ ಒಂದು ಗಂಟೆ ವ್ಯರ್ಥವಾಯಿತು. ಗಣಿತದಲ್ಲಿ ಸೊನ್ನೆ.

ಪರೀಕ್ಷೆಯ ಹಿಂದಿನ ರಾತ್ರಿ ಹನ್ನೊಂದೂವರೆಗೆ ಫೋನ್ ಮಾಡಿದಳು. "ಅಕ್ಕಾ, ಚಕ್ರಬಡ್ಡಿ ಒಂದು ಸಲ ನೋಡ್ಲಾ?" ಆ ಹಾಳೆ ಎಲ್ಲಿದೆ ಎಂದು ಕೇಳಿದೆ. ಗೋಡೆ ಮೇಲೆ ಅಂಟಿಸಿದೀನಿ ಎಂದಳು. ಅದರಲ್ಲಿ ಚಕ್ರಬಡ್ಡಿ ಎಷ್ಟನೆಯದು ಎಂದು ಕೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಮೂರನೆಯದು" ಎಂದಳು. ಆಮೇಲೆ ನಾಳೆ ಬೆಳಗಿನ ಬಸ್ಸಿನ ಸಮಯ ಮಾತಾಡಿ ಫೋನ್ ಇಟ್ಟೆವು.